ಬಾರ್‌ನಿಂದ ಡಿಸ್ಪ್ಯಾಚ್‌ವರೆಗೆ: ಮಷೀನ್ ಶಾಪ್‌ಗೆ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್ ಬರೆಯುವುದು ಹೇಗೆ

ಪೀಣ್ಯದ ಯಾವುದಾದರೂ ಮಷೀನ್ ಶಾಪ್‌ಗೆ ಹೋಗಿ, ಒಂದು ಶಾಫ್ಟ್ ಮಾಡೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿ. ಎಂಟು, ಹತ್ತು ನಿಮಿಷ ಅಂತಾರೆ. ಇವತ್ತು ಬಾರ್ ಬಂದರೆ ಅದೇ ಬಾರ್‌ನ ಶಾಫ್ಟ್ ಗೇಟ್ ದಾಟೋದು ಯಾವಾಗ ಅಂತ ಕೇಳಿ. ಸ್ವಲ್ಪ ಯೋಚನೆ ಮಾಡಿ, ಒಂದೂವರೆ ತಿಂಗಳು, ಎರಡು ತಿಂಗಳು ಅಂತಾರೆ. ಎರಡು ಉತ್ತರವೂ ನಿಜ. ಇವೆರಡರ ನಡುವೆ ಆ ಕಬ್ಬಿಣ ಎಲ್ಲೆಲ್ಲಿ, ಯಾಕೆ ಬಿದ್ದಿರುತ್ತದೆ ಅಂತ ಒಂದೇ ಹಾಳೆಯಲ್ಲಿ ತೋರಿಸೋದೇ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್. ಟೊಯೋಟಾದವರು ಇದನ್ನು ಸರಕು ಮತ್ತು ಮಾಹಿತಿ ಹರಿಯುವ ಚಿತ್ರ ಅಂತ ಕರೆಯುತ್ತಿದ್ದರು. ಆ ‘ಮಾಹಿತಿ’ ಅನ್ನೋ ಅರ್ಧವನ್ನು ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಅದಕ್ಕೆ ಆಮೇಲೆ ಬರೋಣ.

ಲೆಕ್ಕ ಕೈಗೆ ಸಿಗಲಿ ಅಂತ ಒಂದು ಮಾದರಿ ಶಾಪ್ ಇಟ್ಟುಕೊಂಡು ಕೊನೆವರೆಗೆ ಅದನ್ನೇ ಎಳೆಯುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ಲೆಕ್ಕದ ದಾರಿ ನಿಮ್ಮ ಶಾಪ್‌ಗೂ ಇದೇ.

ಮೊದಲು ಒಂದು ಪಾರ್ಟ್ ಆರಿಸಿ

ಇಡೀ ಶಾಪ್‌ಗೆ ಒಂದು ಮ್ಯಾಪ್ ಬರೆಯಲು ಹೋಗಬೇಡಿ. ಅರವತ್ತು ಪಾರ್ಟ್ ಇರುವ ಕಡೆ ಅದು ಬಲೆ ಥರ ಕಾಣುತ್ತದೆ, ಯಾರಿಗೂ ಅರ್ಥ ಆಗೋಲ್ಲ. ಒಂದು ಹಾಳೆಯಲ್ಲಿ ಎಡಗಡೆ ಪಾರ್ಟ್‌ಗಳು, ಮೇಲೆ ಮಷೀನ್‌ಗಳು ಬರೆದು, ಯಾವುದು ಎಲ್ಲಿ ಹೋಗುತ್ತದೋ ಅಲ್ಲಿ ಟಿಕ್ ಹಾಕಿ. ಟಿಕ್‌ಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುವ ಪಾರ್ಟ್‌ಗಳೆಲ್ಲ ಒಂದು ಕುಟುಂಬ. ಅದರಲ್ಲಿ ಪ್ರತಿ ತಿಂಗಳೂ ಬರುವ, ಜಾಸ್ತಿ ಓಡುವ ಪಾರ್ಟ್ ತಗೊಳ್ಳಿ.

ನಮ್ಮ ಮಾದರಿಯಲ್ಲಿ ಅದು ಇಎನ್ 8 ಶಾಫ್ಟ್. 32 ಮಿಮೀ ಬಾರ್, ಫಿನಿಷ್ 30 ಮಿಮೀ, ಉದ್ದ 180. ತಿಂಗಳಿಗೆ 5,200 ಪೀಸ್. 26 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 200. ಬ್ಯಾಂಡ್‌ಸಾದಲ್ಲಿ ಕಟಿಂಗ್, ಸಿಎನ್‌ಸಿಯಲ್ಲಿ ಮೊದಲ ಸೈಡ್, ಅದೇ ಮಷೀನ್‌ನಲ್ಲಿ ಎರಡನೇ ಸೈಡ್, ವಿಎಂಸಿಯಲ್ಲಿ ಕೀವೇ, ಹೊರಗಡೆ ಇಂಡಕ್ಷನ್ ಹಾರ್ಡನಿಂಗ್, ವಾಪಸ್ ಬಂದಮೇಲೆ ಗ್ರೈಂಡಿಂಗ್, ಇನ್ಸ್‌ಪೆಕ್ಷನ್, ಎಣ್ಣೆ ಹಚ್ಚಿ ಪ್ಯಾಕಿಂಗ್. ರೂಟ್ ಕಾರ್ಡ್‌ನಲ್ಲಿ ಇಷ್ಟೇ ಇರುತ್ತದೆ. ನೆಲದ ಮೇಲೆ ಇನ್ನೊಂದು ಸಿಗುತ್ತದೆ, ನೋಡೋಣ.

ಎರಡು ಶಿಫ್ಟ್, ತಲಾ 480 ನಿಮಿಷ. ಊಟ, ಟೀ ಕಳೆದರೆ 430. ದಿನಕ್ಕೆ 860 ನಿಮಿಷ. ಪುಸ್ತಕದ ಪ್ರಕಾರ ಇದನ್ನು 200ರಿಂದ ಭಾಗಿಸಿದರೆ 258 ಸೆಕೆಂಡ್, ಅದೇ ಟ್ಯಾಕ್ಟ್. ಅಂದರೆ ಪ್ರತಿ 258 ಸೆಕೆಂಡ್‌ಗೆ ಒಂದು ಶಾಫ್ಟ್ ಹೊರಬರಬೇಕು. ಜಾಬ್ ಶಾಪ್‌ನಲ್ಲಿ ಈ ಅಂಕಿಯನ್ನು ಹುಷಾರಾಗಿ ಬಳಸಿ. ಸಿಎನ್‌ಸಿ ಈ ಶಾಫ್ಟ್ ಒಂದಕ್ಕೇ ಮೀಸಲಲ್ಲ, ಬೇರೆ ಪಾರ್ಟ್‌ಗಳೂ ಅದರ ಮೇಲೇ ಓಡುತ್ತವೆ. ಎರಡು ಸೈಡ್ ಸೇರಿ ಸೈಕಲ್ ಟೈಮ್ 165 ಸೆಕೆಂಡ್, ಟ್ಯಾಕ್ಟ್ 258, ಹಾಗಾದರೆ ಆರಾಮ ಅಂತ ಅಂದುಕೊಂಡರೆ ಕೆಟ್ಟಿರಿ. ಹಂಚಿಕೊಂಡ ಮಷೀನ್‌ಗೆ ದಿನದ ಲೋಡ್ ಎಷ್ಟು ನಿಮಿಷ ಅಂತ ನೋಡೋದೇ ಸರಿ.

ಎಣಿಸಲು ಹೊರಡುವ ದಿನ

ತಿಂಗಳ ಕೊನೇ ವಾರ ಬೇಡ. ಬಿಲ್ಲಿಂಗ್ ಟಾರ್ಗೆಟ್‌ಗೆ ಎಲ್ಲರೂ ಓಡುತ್ತಿರುತ್ತಾರೆ, ಫಿನಿಷ್ಡ್ ಮಾಲು ಖಾಲಿ ಆಗಿರುತ್ತದೆ, ಅರ್ಧಕ್ಕೆ ನಿಂತ ಲಾಟ್‌ಗಳನ್ನು ಬದಿಗೆ ತಳ್ಳಿರುತ್ತಾರೆ. ಆ ಚಿತ್ರ ಸುಳ್ಳು. ಹತ್ತರಿಂದ ಇಪ್ಪತ್ತನೇ ತಾರೀಖಿನ ಒಳಗೆ ಎಣಿಸಿ. ಒಂದೇ ಸಲ ಎಣಿಸಿದರೂ ಸಾಲದು. ಹೀಟ್ ಟ್ರೀಟ್‌ಮೆಂಟ್‌ಗೆ ಟೆಂಪೊ ಶುಕ್ರವಾರ ಹೋಗುತ್ತದೆ ಅಂತಿಟ್ಟುಕೊಳ್ಳಿ. ಗುರುವಾರ ನೋಡಿದವರಿಗೆ ಅಲ್ಲಿ ಸಾವಿರ ಪೀಸ್ ಕಾಣುತ್ತದೆ, ಶನಿವಾರ ನೋಡಿದವರಿಗೆ ಖಾಲಿ ನೆಲ. ಎರಡು ವಾರದಲ್ಲಿ ಮೂರು ನಾಲ್ಕು ಬೇರೆ ಬೇರೆ ವಾರದ ದಿನ ಎಣಿಸಿ, ಸರಾಸರಿ ತೆಗೆಯಿರಿ.

ಎ3 ಹಾಳೆ, ಪೆನ್ಸಿಲ್, ರಬ್ಬರ್, ಸ್ಟಾಪ್‌ವಾಚ್ ಸಾಕು. ಡಿಸ್ಪ್ಯಾಚ್ ಗೇಟ್‌ನಲ್ಲಿ ನಿಂತು ಹಿಂದಕ್ಕೆ ನಡೆಯಿರಿ, ಬಾರ್ ರ‍್ಯಾಕ್ ಕಡೆಗೆ. ಮುಂದಿನಿಂದ ಹಿಂದಕ್ಕೆ ಹೋದರೆ, ಈ ಸ್ಟೇಷನ್‌ಗೆ ಏನು ಬೇಕಿತ್ತು, ಹಿಂದಿನವರು ಏನು ಕಳಿಸಿದರು ಅನ್ನೋ ಪ್ರಶ್ನೆ ತಾನಾಗಿ ಬರುತ್ತದೆ. ಬಾರ್‌ನಿಂದ ಶುರು ಮಾಡಿದರೆ ಪ್ರೋಸೆಸ್ ವಿವರಣೆ ಕೇಳುತ್ತಾ ಹೋಗಿಬಿಡುತ್ತೀರಿ.

ಆಪರೇಟರ್‌ಗಳಿಗೆ ಮೊದಲೇ ಹೇಳಿ: ‘ನಿಮ್ಮ ಕೆಲಸ ಅಳೆಯೋಕೆ ಬಂದಿಲ್ಲ, ಪೀಸ್ ಎಷ್ಟು ಹೊತ್ತು ಸುಮ್ನೆ ಬಿದ್ದಿರುತ್ತೆ ಅಂತ ನೋಡೋಕೆ ಬಂದಿದೀನಿ.’ ಹೇಳದೆ ಸ್ಟಾಪ್‌ವಾಚ್ ತೆಗೆದರೆ ಅವತ್ತು ಫೀಡ್ ಓವರ್‌ರೈಡ್ ಬೇರೆ ಕಡೆ ತಿರುಗಿರುತ್ತದೆ.

ಪ್ರತಿ ಸ್ಟೇಷನ್‌ನಲ್ಲಿ ಬೇಕಾಗಿರೋದು ಕಮ್ಮಿ. ಪೀಸ್ ಹಾಕಿ ತೆಗೆಯುವುದೂ ಸೇರಿದ ಸೈಕಲ್ ಟೈಮ್. ಹತ್ತು ಸಲ ಅಳೆದು, ಪದೇಪದೇ ಬರುವ ಅಂಕಿ ಬರೆಯಿರಿ. ಸೆಟಪ್ ಎಷ್ಟು ಹೊತ್ತು, ಅಂದರೆ ಹಿಂದಿನ ಪಾರ್ಟ್‌ನ ಕೊನೇ ಒಳ್ಳೆ ಪೀಸ್‌ನಿಂದ ಈ ಪಾರ್ಟ್‌ನ ಮೊದಲ ಒಳ್ಳೆ ಪೀಸ್‌ವರೆಗೆ. ಒಂದು ಸಲಕ್ಕೆ ಎಷ್ಟು ಪೀಸ್ ಓಡಿಸುತ್ತಾರೆ. ಮಷೀನ್ ಎಷ್ಟು ಹೊತ್ತು ಕೆಟ್ಟು ನಿಲ್ಲುತ್ತದೆ. ಮುಂದೆ ಎಷ್ಟು ಪೀಸ್ ಕಾಯುತ್ತಿವೆ. ಕೊನೆಯದ್ದೇ ಮುಖ್ಯ, ಅದಕ್ಕೆ ಕಂಪ್ಯೂಟರ್ ನೋಡಬೇಡಿ, ನೆಲ ನೋಡಿ. ಟೇಬಲ್ ಕೆಳಗಿನ ಕ್ರೇಟ್, ಕಂಬದ ಹಿಂದಿನ ರಿವರ್ಕ್ ಡಬ್ಬ, ‘ಅದು ಹಳೇ ಲಾಟ್ ಸಾರ್’ ಅಂತ ತಳ್ಳಿದ್ದು, ಎಲ್ಲ ಎಣಿಕೆಗೆ ಬರಬೇಕು. ಒಂದೊಂದೇ ಎಣಿಸೋಕೆ ಬೇಜಾರಾದರೆ ಹತ್ತು ಪೀಸ್ ತೂಕ ಹಾಕಿ, ಕ್ರೇಟ್ ತೂಕದಿಂದ ಲೆಕ್ಕ ಹಾಕಿ.

ಬಾರ್ ಕೂಡ ಪೀಸ್ ಲೆಕ್ಕಕ್ಕೆ ಬರಬೇಕು. ವ್ಯಾಸ × ವ್ಯಾಸ ÷ 162, ಎಲ್ಲರಿಗೂ ಗೊತ್ತಿರುವ ಸೂತ್ರ. 32 ಮಿಮೀಗೆ ಮೀಟರ್‌ಗೆ 6.32 ಕೆಜಿ, 3 ಮೀಟರ್ ಬಾರ್ ಹತ್ತಿರ ಹತ್ತಿರ 19 ಕೆಜಿ. ಪೀಸ್‌ಗೆ 180, ಫೇಸಿಂಗ್‌ಗೆ 3, ಬ್ಲೇಡ್ ತಿನ್ನೋದಕ್ಕೆ ಒಂದೂವರೆ, ಅಂದರೆ 185 ಮಿಮೀ ಹಿಡಿಯಿರಿ. ಒಂದು ಬಾರ್‌ಗೆ 16 ಪೀಸ್, 40 ಮಿಮೀ ತುಂಡು ಉಳಿಯುತ್ತದೆ. ರ‍್ಯಾಕ್‌ನಲ್ಲಿ 150 ಬಾರ್ ಇದ್ದರೆ 2,400 ಪೀಸ್. ದಿನಕ್ಕೆ 200ರ ಲೆಕ್ಕದಲ್ಲಿ 12 ದಿನ.

ಕಾಯುವ ದಿನ ತೆಗೆಯುವ ಲೆಕ್ಕ ಎಲ್ಲ ಕಡೆ ಇದೇ: ಬಿದ್ದಿರುವ ಪೀಸ್ ಭಾಗಿಸು ದಿನದ ಬೇಡಿಕೆ. ಇದರ ಹಿಂದೆ 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಇದೆ. ಸರಾಸರಿಗೆ ಮಾತ್ರ ಅದು ನಿಜ, ಒಂದೇ ದಿನದ ಎಣಿಕೆಯನ್ನು ನಂಬಬೇಡಿ ಅನ್ನೋದು ಅದಕ್ಕೇ.

ಹಾಳೆಯ ಮೇಲೆ ಬಂದಿದ್ದು

ಪ್ರತಿ ಕೆಲಸಕ್ಕೆ ಒಂದು ಚೌಕ, ನಡುವಿನ ಗುಡ್ಡೆಗೆ ತ್ರಿಕೋನ, ಕೆಳಗೆ ಮೆಟ್ಟಿಲಿನಂಥ ಗೆರೆ. ಗೆರೆ ಮೇಲಿದ್ದಾಗ ಕಾದ ದಿನ, ಕೆಳಗಿಳಿದಾಗ ಕೆಲಸದ ಸೆಕೆಂಡ್. ನಮ್ಮ ಶಾಫ್ಟ್‌ಗೆ ಕಾದ ದಿನಗಳು ಹೀಗೆ ಬಂದವು:

- ಬಾರ್ ರ‍್ಯಾಕ್: 2,400 ಪೀಸ್, 12 ದಿನ
- ಕಟಿಂಗ್ ಆದಮೇಲೆ: 1,400, 7 ದಿನ
- ಟರ್ನಿಂಗ್‌ನ ಎರಡು ಸೈಡ್ ನಡುವೆ: 800, 4 ದಿನ
- ವಿಎಂಸಿ ಮುಂದೆ: 700, ಮೂರೂವರೆ ದಿನ
- ಟೆಂಪೊಗೆ ಕಾದದ್ದು: 600, 3 ದಿನ
- ಹೊರಗಡೆ ಹಾರ್ಡನಿಂಗ್‌ನಲ್ಲಿ: 1,000, 5 ದಿನ
- ಗ್ರೈಂಡಿಂಗ್ ಮುಂದೆ: 1,200, 6 ದಿನ
- ಇನ್ಸ್‌ಪೆಕ್ಷನ್ ಮುಂದೆ: 500, ಎರಡೂವರೆ ದಿನ
- ಪ್ಯಾಕ್ ಆಗಿ ಕೂತದ್ದು: 1,100, ಐದೂವರೆ ದಿನ

ಒಟ್ಟು 9,700 ಪೀಸ್, 48.5 ಕೆಲಸದ ದಿನ. ಪೀಸ್‌ಗೆ 1.185 ಕೆಜಿ ಬಾರ್ ಹಿಡಿದರೆ ಹನ್ನೊಂದೂವರೆ ಟನ್ ಉಕ್ಕು ದಾರಿಯಲ್ಲಿ ಬಿದ್ದಿದೆ. ನೀವು ಕೊಡುವ ಕೆಜಿ ರೇಟ್‌ನಿಂದ ಗುಣಿಸಿ ನೋಡಿ. ಬರೀ ಕಚ್ಚಾ ಮಾಲಿನ ಬೆಲೆ ಅದು, ಮೇಲೆ ಸುರಿದ ಕೆಲಸ ಸೇರಿಲ್ಲ.

ಇನ್ನು ಕೆಲಸದ ಹೊತ್ತು. ಕಟಿಂಗ್ 50 ಸೆಕೆಂಡ್, ಮೊದಲ ಸೈಡ್ 70, ಎರಡನೇ ಸೈಡ್ 95, ಕೀವೇ 80, ಇಂಡಕ್ಷನ್ 20, ಗ್ರೈಂಡಿಂಗ್ 120, ಇನ್ಸ್‌ಪೆಕ್ಷನ್ 40, ಪ್ಯಾಕಿಂಗ್ 15. ಹಾರ್ಡನಿಂಗ್ ನಂತರ ಓವನ್‌ನಲ್ಲಿ ಟೆಂಪರಿಂಗ್ ಆಗುತ್ತದೆ, ಅದು ಗಂಟೆಗಳ ಲೆಕ್ಕ, ಆದರೆ ಇಡೀ ಲಾಟ್‌ಗೆ ಒಟ್ಟಿಗೆ. ಅದನ್ನು ಪಕ್ಕದಲ್ಲಿ ಬರೆದಿಡಿ.

ಎಣಿಸುತ್ತಾ ಗ್ರೈಂಡಿಂಗ್ ಹತ್ತಿರ ಬಂದಾಗ ಮೂಲೆಯಲ್ಲಿ ಒಂದು ಹ್ಯಾಂಡ್ ಪ್ರೆಸ್ ಸಿಗುತ್ತದೆ. ಎರಡು ವಿ ಬ್ಲಾಕ್, ಮ್ಯಾಗ್ನೆಟ್ ಸ್ಟ್ಯಾಂಡ್‌ನಲ್ಲಿ ಒಂದು ಡಯಲ್. ಅಲ್ಲೊಬ್ಬರು ಶಾಫ್ಟ್ ತಿರುಗಿಸಿ, ಮುಳ್ಳು ಎಲ್ಲಿ ಏರುತ್ತದೆ ನೋಡಿ, ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ, ಪ್ರೆಸ್ ಕೆಳಗಿಟ್ಟು ಮೆಲ್ಲಗೆ ಒತ್ತುತ್ತಾರೆ, ಮತ್ತೆ ತಿರುಗಿಸುತ್ತಾರೆ. ಹಾರ್ಡನಿಂಗ್‌ನಲ್ಲಿ ಡೊಂಕಾದ ಪೀಸ್ ಅದು. ರನೌಟ್ 0.1 ಮಿಮೀ ದಾಟಿದ್ದೆಲ್ಲ ಇಲ್ಲಿಗೆ ಬರುತ್ತದೆ. ರೂಟ್ ಕಾರ್ಡ್‌ನಲ್ಲಿ ಈ ಕೆಲಸ ಇಲ್ಲ, ಕಾಸ್ಟಿಂಗ್‌ನಲ್ಲಿ ಇಲ್ಲ, ಕಸ್ಟಮರ್‌ಗೆ ಕೊಟ್ಟ ಪ್ರೋಸೆಸ್ ಫ್ಲೋನಲ್ಲೂ ಇಲ್ಲ. ಗ್ರೈಂಡಿಂಗ್ ಮುಂದಿನ 1,200ರಲ್ಲಿ 350 ಪೀಸ್ ಈ ಪ್ರೆಸ್‌ಗೇ ಕಾಯುತ್ತಿದ್ದವು. ಹೀಗೆ ಸಿಕ್ಕಿದ ಚೌಕವನ್ನು ಮ್ಯಾಪ್‌ನಲ್ಲಿ ಖಂಡಿತ ಬರೆಯಿರಿ, ಸರಾಸರಿ 30 ಸೆಕೆಂಡ್ ಅಂತ. ಗಟ್ಟಿಯಾದ ಶಾಫ್ಟನ್ನು ಒತ್ತಿದರೆ ಕಣ್ಣಿಗೆ ಕಾಣದ ಬಿರುಕು ಬರುವ ಭಯವೂ ಇದೆ, ಹಾಗಾಗಿ ಇದು ಬರೀ ಹೊತ್ತಿನ ಪ್ರಶ್ನೆ ಅಲ್ಲ. ಒತ್ತುತ್ತೀರಿ ಅಂದಮೇಲೆ ಕ್ರ್ಯಾಕ್ ಚೆಕ್ ಮಾಡಲೇಬೇಕು.

ಎಲ್ಲ ಸೇರಿ 520 ಸೆಕೆಂಡ್, ಎಂಟು ನಿಮಿಷ ನಲವತ್ತು ಸೆಕೆಂಡ್. 48.5 ದಿನ ಅಂದರೆ 41,710 ಕೆಲಸದ ನಿಮಿಷ. ಶೇಕಡಾ 0.02. ಗಾಬರಿ ಬೀಳಬೇಡಿ, ಲಾಟ್‌ನಲ್ಲಿ ಓಡುವ ಶಾಪ್‌ಗಳಲ್ಲಿ ಇಂಥ ಅಂಕಿಯೇ ಬರುತ್ತದೆ.

ಈ ಅಂಕಿ ನೋಡಿದಮೇಲೆ ಒಂದು ಅಭ್ಯಾಸ ಬಿಡಬೇಕು. ಓನರ್ ಮೀಟಿಂಗ್ ಕರೆದು ‘ಇನ್ನೂ ಒಳ್ಳೆ ವೀಲ್ ತರಿಸಿ, ಗ್ರೈಂಡಿಂಗ್ 120 ಇರೋದು 100 ಮಾಡಿ’ ಅಂತಾರೆ. ಮಾಡಿದರೆ 48.5 ದಿನದಲ್ಲಿ ಉಳಿಯೋದು 20 ಸೆಕೆಂಡ್. ಮಷೀನ್ ತುಂಬಿ ತುಳುಕುತ್ತಿದ್ದರೆ ಮಾತ್ರ ಸೈಕಲ್ ಟೈಮ್‌ಗೆ ಕೈ ಹಾಕಿ. ಇಲ್ಲದಿದ್ದರೆ ಗುಡ್ಡೆ ನೋಡಿ.

ಫೋನ್, ಡೈರಿ, ವಾಟ್ಸ್ಆ್ಯಪ್

ಹಾಳೆಯ ಮೇಲ್ಭಾಗ ಇನ್ನೂ ಖಾಲಿ ಇದೆ ಅಲ್ವಾ, ಅಲ್ಲಿ ಮಾಹಿತಿ ಬರೆಯಬೇಕು. ಪ್ರತಿ ಸ್ಟೇಷನ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಮುಂದೆ ಯಾವ ಪಾರ್ಟ್ ಹಾಕಬೇಕು ಅಂತ ನಿಮಗೆ ಯಾರು ಹೇಳುತ್ತಾರೆ?

ಉತ್ತರ ಹೀಗೆ ಬರುತ್ತದೆ. ಕಸ್ಟಮರ್ ತಿಂಗಳ ಶೆಡ್ಯೂಲ್ ಈಮೇಲ್ ಮಾಡುತ್ತಾರೆ. ಪ್ಲಾನಿಂಗ್‌ನವರು ಅದನ್ನು ಎಕ್ಸೆಲ್‌ಗೆ ಹಾಕುತ್ತಾರೆ. ವಾರ ಕಳೆದಂತೆ ಕಸ್ಟಮರ್‌ನ ಸ್ಟೋರ್‌ನಿಂದ ವಾಟ್ಸ್ಆ್ಯಪ್ ಬರುತ್ತದೆ, ನಾಳೆ 400 ಕಳಿಸಿ ಅಂತ. ಅದು ಎಕ್ಸೆಲ್‌ಗೆ ಹೋಗೋಲ್ಲ, ಸೀದಾ ಸೂಪರ್‌ವೈಸರ್‌ಗೆ ಹೋಗುತ್ತದೆ. ಸೂಪರ್‌ವೈಸರ್ ತಮ್ಮ ಡೈರಿ ನೋಡಿ ಸಿಎನ್‌ಸಿಗೆ ಒಂದು ಹೇಳುತ್ತಾರೆ, ಗ್ರೈಂಡಿಂಗ್‌ಗೆ ಇನ್ನೊಂದು. ಬ್ಯಾಂಡ್‌ಸಾದವರನ್ನು ಕೇಳಿದರೆ ‘ನನಗೆ ಯಾರೂ ಹೇಳಲ್ಲ, ಬಂಡಲ್ ಬಂತು, ಕಟ್ ಮಾಡ್ತಿದೀನಿ’ ಅಂತಾರೆ.

ಇದನ್ನೆಲ್ಲ ಬಾಣ ಹಾಕಿ ಬರೆಯಿರಿ. ಕಾಗದ, ಮಾತಿಗೆ ನೇರ ಬಾಣ, ಈಮೇಲ್, ಮೊಬೈಲ್‌ಗೆ ಮುರಿದ ಬಾಣ. ಬರೆದ ಮೇಲೆ ಕಣ್ಣಿಗೆ ಹೊಡೆಯೋದು ಏನು ಅಂದರೆ, ಐದಾರು ಕಡೆಗೆ ಐದಾರು ಬೇರೆ ಬೇರೆ ಆದೇಶ ಹೋಗುತ್ತಿದೆ. ಪ್ರತಿಯೊಬ್ಬರೂ ತಮ್ಮ ಆದೇಶದ ಪ್ರಕಾರ ಸರಿಯಾಗೇ ಕೆಲಸ ಮಾಡುತ್ತಿದ್ದಾರೆ, ಒಟ್ಟಿನಲ್ಲಿ ಮಾತ್ರ ಗುಡ್ಡೆ ಬೆಳೆಯುತ್ತಿದೆ.

ಹೊರಗಿನ ಕೆಲಸಕ್ಕೆ ಒಂದು ಒಳ್ಳೆ ದಾಖಲೆ ಆಗಲೇ ನಿಮ್ಮ ಹತ್ತಿರ ಇದೆ, ಡೆಲಿವರಿ ಚಲನ್. ಹೀಟ್ ಟ್ರೀಟ್‌ಮೆಂಟ್‌ನವರು ‘ಎರಡು ದಿನದಲ್ಲಿ ಕೊಡ್ತೀವಿ’ ಅಂತಲೇ ಹೇಳುತ್ತಾರೆ. ಹಿಂದಿನ ಮೂರು ತಿಂಗಳ ಚಲನ್ ತೆಗೆದು ಹೋದ ತಾರೀಖು, ವಾಪಸ್ ಬಂದ ತಾರೀಖು, ಬಂದ ಪೀಸ್ ಅಂತ ಮೂರು ಕಾಲಂ ಬರೆಯಿರಿ. ನಮ್ಮ ಮಾದರಿಯ ಐದು ದಿನ ಹಾಗೆ ಬಂದ ಅಂಕಿ. ಭಾಗ ಭಾಗವಾಗಿ ವಾಪಸ್ ಬರುತ್ತಿದ್ದರೆ ಕೊನೇ ಪೀಸ್ ಬಂದ ದಿನ ಹಿಡಿಯಿರಿ.

ದೊಡ್ಡ ಗುಡ್ಡೆ ಯಾಕೆ ಇದೆ

ಈಗ ತ್ರಿಕೋನಗಳನ್ನು ಒಂದೊಂದಾಗಿ ನೋಡಿ, ಇದು ಇಲ್ಲಿ ಯಾಕಿದೆ ಅಂತ ಕೇಳಿ. ಸೋಮಾರಿತನ ಅಂತ ಉತ್ತರ ಬರೋದು ಅಪರೂಪ. ಮೂರು ಕಾರಣ ಪದೇಪದೇ ಬರುತ್ತವೆ: ಲಾಟ್ ಸೈಜ್, ಟೆಂಪೊ, ಮತ್ತೆ ಖಾಲಿ ಕೂರುವ ಭಯ.

ಲಾಟ್‌ನಿಂದ ಶುರು ಮಾಡೋಣ, ಬೇರು ಅಲ್ಲೇ ಇರೋದು. ಸಿಎನ್‌ಸಿಯಲ್ಲಿ ಒಂದು ಸಲಕ್ಕೆ 1,000 ಪೀಸ್ ಯಾಕೆ ಓಡಿಸುತ್ತೀರಿ? ‘ಸೆಟಪ್‌ಗೆ ಒಂದೂವರೆ ಗಂಟೆ ಹೋಗುತ್ತೆ ಸಾರ್’ ಅಂತಾರೆ. ಅವರು ಹೇಳೋದು ಸರಿ, ಲೆಕ್ಕ ಮಾಡಿ ನೋಡಿ. ದಿನಕ್ಕೆ 860 ನಿಮಿಷ. ಮಷೀನ್ ನಿಲ್ಲೋದಕ್ಕೆ ಶೇಕಡಾ ಹತ್ತು ಕಳೆದರೆ 774. ನಮ್ಮ ಶಾಫ್ಟ್‌ಗೆ ಎರಡು ಸೈಡ್ ಸೇರಿ 165 ಸೆಕೆಂಡ್, 200 ಪೀಸ್‌ಗೆ 550 ನಿಮಿಷ. ಬೇರೆ ಎರಡು ಪಾರ್ಟ್‌ಗೆ ಒಟ್ಟು 150 ನಿಮಿಷ. ಉಳಿಯೋದು 74. ಸೆಟಪ್‌ಗೆ ದಿನಕ್ಕೆ ಸಿಗೋದು ಅಷ್ಟೇ. ಒಂದು ಸುತ್ತಿಗೆ ನಾಲ್ಕು ಸೆಟಪ್, ಶಾಫ್ಟ್‌ಗೆ ಎರಡು, ಉಳಿದವಕ್ಕೆ ಎರಡು, ತಲಾ 90 ನಿಮಿಷ, ಒಟ್ಟು 360. 360ನ್ನು 74ರಿಂದ ಭಾಗಿಸಿದರೆ ಹತ್ತಿರ ಹತ್ತಿರ 5 ದಿನ. ಅಂದರೆ ಪ್ರತಿ ಪಾರ್ಟೂ ಐದು ದಿನಕ್ಕೊಮ್ಮೆ ಮಾತ್ರ ಬರಲು ಸಾಧ್ಯ, ಐದು ದಿನದ ಬೇಡಿಕೆ 1,000. ಸೂಪರ್‌ವೈಸರ್ ಅನುಭವದಿಂದ ಹಿಡಿದ ಅಂಕಿ ಇದೇ. ‘ಲಾಟ್ ಕಮ್ಮಿ ಮಾಡಿ’ ಅಂತ ಬರೀ ಆದೇಶ ಕೊಟ್ಟರೆ ಮಷೀನ್ ಸೆಟಪ್‌ನಲ್ಲೇ ಸಾಯುತ್ತದೆ, ಡಿಸ್ಪ್ಯಾಚ್ ನಿಲ್ಲುತ್ತದೆ, ವಾರದೊಳಗೆ ಎಲ್ಲರೂ ಹಳೇ ದಾರಿಗೆ ವಾಪಸ್.

ಹಾಗಾಗಿ ಮೊದಲು ಸೆಟಪ್. 90 ನಿಮಿಷ ಹೇಗೆ ಹೋಗುತ್ತದೆ ಅಂತ ಒಂದು ಸೆಟಪ್ ಪೂರ್ತಿ ನಿಂತು ನೋಡಿ. ಜಾ ಬದಲಿಸಿ ಬೋರ್ ಮಾಡೋಕೆ 25 ನಿಮಿಷ. ಟೂಲ್ ಕಟ್ಟಿ ಆಫ್‌ಸೆಟ್ ಹಾಕೋಕೆ 20. ಆಲನ್ ಕೀ, ಇನ್ಸರ್ಟ್, ಡ್ರಾಯಿಂಗ್, ಗೇಜ್ ಹುಡುಕಾಟಕ್ಕೆ 15. ಮೊದಲ ಪೀಸ್ ಮಾಡಿ, ಇನ್ಸ್‌ಪೆಕ್ಷನ್‌ಗೆ ಕೊಟ್ಟು, ಓಕೆ ಬರೋವರೆಗೆ 30. ಕೊನೇ ಮೂವತ್ತರಲ್ಲಿ ಪೀಸ್ ಅಳೆಯೋಕೆ ಐದಾರು ನಿಮಿಷ ಸಾಕು, ಮಿಕ್ಕಿದ್ದು ಇನ್ಸ್‌ಪೆಕ್ಟರ್ ಟೇಬಲ್ ಮೇಲೆ ಸರತಿಯಲ್ಲಿ ಕೂತದ್ದು. ಮುಂದಿನ ಪಾರ್ಟ್‌ನ ಟೂಲ್, ಜಾ, ಗೇಜ್ ಎಲ್ಲ ಒಂದು ಟ್ರಾಲಿಯಲ್ಲಿ ಮೊದಲೇ ಜೋಡಿಸಿಟ್ಟರೆ ಹುಡುಕಾಟ ಹೋಯಿತು. ಶಾಫ್ಟ್‌ಗೆ ಅಂತ ಬೇರೆ ಸಾಫ್ಟ್ ಜಾ ಎತ್ತಿಟ್ಟು ಬರೀ ಸ್ಕಿಮ್ ಮಾಡಿದರೆ 20, ಟೂಲ್‌ಗೆ 12, ಮೊದಲ ಪೀಸ್ ಬರುವ ಮುಂಚೆಯೇ ಇನ್ಸ್‌ಪೆಕ್ಟರ್‌ಗೆ ಹೇಳಿಟ್ಟರೆ 13. ಒಟ್ಟು 45. ನಾಲ್ಕು ಸೆಟಪ್‌ಗೆ 180, ಭಾಗಿಸು 74, ಎರಡೂವರೆ ದಿನಕ್ಕೂ ಸ್ವಲ್ಪ ಕಮ್ಮಿ. ಲಾಟ್ 500ಕ್ಕೆ ಇಳಿಯಿತು. ಒಂದು ಮಷೀನೂ ಕೊಂಡಿಲ್ಲ.

ಸೆಟಪ್ ಇಳಿದಾಗ ಒಂದು ಅಪಾಯ ಇದೆ. ಉಳಿದ ಹೊತ್ತಿಗೆ ಮಾರ್ಕೆಟಿಂಗ್‌ನವರು ಹೊಸ ಪಾರ್ಟ್ ತಂದು ತುಂಬಿಸುತ್ತಾರೆ, ಮತ್ತೆ ಲಾಟ್ 1,000ಕ್ಕೆ ಏರುತ್ತದೆ. ಉಳಿಸಿದ ಹೊತ್ತನ್ನು ಇನ್ನಷ್ಟು ಸೆಟಪ್ ಮಾಡೋಕೆ ಬಳಸುತ್ತೀರೋ, ಇನ್ನಷ್ಟು ಮಾಲು ಮಾಡೋಕೆ ಬಳಸುತ್ತೀರೋ ಅಂತ ಓನರ್ ಜೊತೆ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಟೆಂಪೊ ಲೆಕ್ಕ ಸುಲಭ. ವಾರಕ್ಕೊಂದು ಟ್ರಿಪ್ ಅಂದರೆ ಆರು ದಿನದ 1,200 ಪೀಸ್ ಸೇರುತ್ತದೆ, ಸರಾಸರಿ 600 ಬಿದ್ದಿರುತ್ತದೆ, 3 ದಿನ. ದಿನ ಬಿಟ್ಟು ದಿನ ಹೋದರೆ ಸರಾಸರಿ 200, ಒಂದು ದಿನ. ಟೆಂಪೊ ಬಾಡಿಗೆ ಜಾಸ್ತಿ ಆಗುತ್ತದೆ ಅನ್ನೋದು ನಿಜ. ಪಕ್ಕದ ಯೂನಿಟ್‌ನವರೂ ಅದೇ ಕಡೆ ಕಳಿಸುತ್ತಿದ್ದರೆ ಸೇರಿ ಕಳಿಸಿ. ಆದರೆ ದೊಡ್ಡ ಲಾಭ ಇಲ್ಲಲ್ಲ, ವಾಪಸ್ ಬರುವಾಗ. ಒಟ್ಟಿಗೆ 1,200 ಬಂದು ಗ್ರೈಂಡಿಂಗ್ ಮುಂದೆ ಸುರಿದರೆ ಆ ಗುಡ್ಡೆ ಕರಗೋಕೆ ಒಂದು ವಾರ ಬೇಕು. 400, 400 ಬಂದರೆ ಗುಡ್ಡೆಯೇ ಏಳೋಲ್ಲ.

ಹೀಟ್ ಟ್ರೀಟ್‌ಮೆಂಟ್‌ನವರನ್ನೂ ಹೋಗಿ ನೋಡಿ ಬನ್ನಿ. ಅವರಿಗೂ ಸೆಟಪ್ ಇದೆ, ನಿಮ್ಮ ವ್ಯಾಸದ ಕಾಯಿಲ್ ಕಟ್ಟಬೇಕು, ಒಂದು ಪೀಸ್ ಕಟ್ ಮಾಡಿ ಕೇಸ್ ಡೆಪ್ತ್ ನೋಡಬೇಕು. ನಿಮ್ಮ ಮಾಲು ಯಾವಾಗ ಬರುತ್ತದೋ ಗೊತ್ತಿಲ್ಲದಾಗ ಅವರು ಸುಮ್ನೆ ಸಾಲಿಗೆ ಹಾಕುತ್ತಾರೆ. ಸೋಮ, ಬುಧ, ಶುಕ್ರ ಖಂಡಿತ 400 ಬರುತ್ತದೆ ಅಂದರೆ ಆ ದಿನಕ್ಕೆ ಕಾಯಿಲ್ ಕಟ್ಟಿಡೋಕೆ ಒಪ್ಪುವವರು ಸಿಗುತ್ತಾರೆ. ಮಿನಿಮಮ್ ಚಾರ್ಜ್ ಇದ್ದರೆ 400ಕ್ಕೆ ಅದು ದಾಟುತ್ತದಾ ಅಂತ ಮೊದಲು ಕೇಳಿ. ಡೊಂಕಿನ ಮಾತೂ ಅಲ್ಲೇ ಆಡಿ. ಯಾವ ಲಾಟ್‌ನಲ್ಲಿ ಎಷ್ಟು ಪೀಸ್ ಪ್ರೆಸ್‌ಗೆ ಹೋಯಿತು ಅಂತ ಎರಡು ವಾರದ ಪಟ್ಟಿ ಕೈಯಲ್ಲಿರಲಿ. ಪೀಸ್ ತಿರುಗಿಸುವ ವೇಗ, ಕಾಯಿಲ್ ನಡುವೆ ಶಾಫ್ಟ್ ಸರಿಯಾಗಿ ಕೂತಿದೆಯಾ, ನೀರು ಎಲ್ಲ ಕಡೆ ಸಮ ಬೀಳುತ್ತದಾ, ನೋಡಬೇಕಾದ್ದು ಇವು.

ಬ್ಯಾಂಡ್‌ಸಾದಲ್ಲಿ ಕಟ್ ಆಗಿ ಬಿದ್ದಿರುವ 7 ದಿನದ ಗುಡ್ಡೆ ಖಾಲಿ ಕೂರುವ ಭಯದ್ದು. 200 ಪೀಸ್ ಕಟಿಂಗ್‌ಗೆ ದಿನಕ್ಕೆ 167 ನಿಮಿಷ ಸಾಕು. ಉಳಿದ ಹೊತ್ತು ಕೂತರೆ ಬೈತಾರೆ, ಅದಕ್ಕೆ ಕಟ್ ಮಾಡುತ್ತಲೇ ಇರುತ್ತಾರೆ. ನೆಲದ ಮೇಲೆ ಹಳದಿ ಗೆರೆ ಎಳೆದು 50ರ ಹತ್ತು ಕ್ರೇಟ್‌ಗೆ ಜಾಗ ಮಾಡಿ. ತುಂಬಿದರೆ ಬ್ಯಾಂಡ್‌ಸಾ ನಿಲ್ಲಬೇಕು, ಆಪರೇಟರ್‌ಗೆ ಟ್ರಾಲಿ ಜೋಡಿಸುವ ಕೆಲಸ ಕೊಡಿ. ಸೆಟಪ್ 45ಕ್ಕೆ ಇಳಿಯೋಕೆ ಬೇಕಾದ ಕೈ ಇದೇ.

ಮುಂದಿನ ಮ್ಯಾಪ್

ಹೊಸ ಹಾಳೆ ತಗೊಂಡು ಹೇಗಿರಬೇಕು ಅಂತ ಬರೆಯಿರಿ. ಎಲ್ಲಿ ಆದೇಶ ಕೊಡಬೇಕು ಅನ್ನೋದು ಮೊದಲ ತೀರ್ಮಾನ. ಒಂದೇ ಕಡೆ ಕೊಡಿ. ನಮ್ಮ ಶಾಫ್ಟ್‌ಗೆ ಅದು ಗ್ರೈಂಡಿಂಗ್. ಅಲ್ಲಿಂದ ಮುಂದೆ ಸರತಿ ಬದಲಾಗೋಲ್ಲ, ಮೊದಲು ಬಂದದ್ದು ಮೊದಲು ಹೋಗುತ್ತದೆ. ವಾಟ್ಸ್ಆ್ಯಪ್ ಬಂದರೂ ಗ್ರೈಂಡಿಂಗ್ ಬೋರ್ಡ್‌ನಲ್ಲಿ ಮಾತ್ರ ಬದಲಾವಣೆ. ಹಿಂದಿನವರಿಗೆ ಬೇರೆ ಆದೇಶ ಇಲ್ಲ, ಗ್ರೈಂಡಿಂಗ್ ಮುಂದಿನ ಜಾಗ 300ಕ್ಕೆ ಮೀಸಲು, ಅದು ಖಾಲಿ ಆದಂತೆ ಹಿಂದಿನಿಂದ ಬರುತ್ತದೆ. ಟರ್ನಿಂಗ್‌ಗೆ ಒಂದು ಕಾರ್ಡ್ ಬಂದರೆ 500 ಓಡಿಸಬೇಕು, ಕಾರ್ಡ್ ಇಲ್ಲದೆ ಬಾರ್ ಕಟ್ ಆಗೋಲ್ಲ.

ಹೀಗೆ ಗುರಿ ಹಾಕಿದರೆ: ಬಾರ್ 5 ದಿನ, ಕಟಿಂಗ್ ಆದದ್ದು ಎರಡೂವರೆ, ಸೈಡ್‌ಗಳ ನಡುವೆ 2, ವಿಎಂಸಿ ಮುಂದೆ 1, ಟೆಂಪೊಗೆ 1, ಹೊರಗೆ 3, ಗ್ರೈಂಡಿಂಗ್ ಮುಂದೆ ಒಂದೂವರೆ, ಇನ್ಸ್‌ಪೆಕ್ಷನ್ ಅರ್ಧ, ಫಿನಿಷ್ಡ್ 4. ಒಟ್ಟು 20.5 ದಿನ, 4,100 ಪೀಸ್. ಫಿನಿಷ್ಡ್ ಮಾಲನ್ನು ಬೇಕಂತಲೇ ಜಾಸ್ತಿ ಇಳಿಸಿಲ್ಲ. ಕಸ್ಟಮರ್ ನಾಳೆ 400 ಕಳಿಸಿ ಅನ್ನೋದು ನಿಲ್ಲುವವರೆಗೆ ಅದು ಬೇಕು. ಬಾರ್ ಕೂಡ ಸ್ಟಾಕಿಸ್ಟ್ ವಾರಕ್ಕೊಮ್ಮೆ, ಟೆಸ್ಟ್ ಸರ್ಟಿಫಿಕೇಟ್ ಸಮೇತ ಕೊಡುವ ನಂಬಿಕೆ ಇದ್ದರೆ ಮಾತ್ರ 5ಕ್ಕೆ ಇಳಿಸಿ.

ಈ ಮ್ಯಾಪ್ ಎಲ್ಲ ಕಡೆ ನಡೆಯೋಲ್ಲ. ಪ್ರತಿ ಆರ್ಡರ್ ಬೇರೆ, ಎರಡು ಪೀಸ್, ಐದು ಪೀಸ್ ಅನ್ನುವ ಟೂಲ್ ರೂಮ್‌ಗೆ ದಿನದ ಬೇಡಿಕೆ ಅನ್ನೋದೇ ಇಲ್ಲ, ಹಾಗಾಗಿ ಗುಡ್ಡೆಯನ್ನು ದಿನವಾಗಿ ಬದಲಿಸೋಕೆ ಆಗೋಲ್ಲ. ಅಂಥಲ್ಲಿ ಒಂದಷ್ಟು ಜಾಬ್ ಕಾರ್ಡ್ ಹಿಡಿದು ಯಾವ ಸ್ಟೇಷನ್‌ಗೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ತಾರೀಖು ಬರೆಸೋದೇ ವಾಸಿ.

ನಮ್ಮ ಶಾಫ್ಟ್‌ಗೂ ಆ ಪರೀಕ್ಷೆ ಒಂದು ಸಲ ಮಾಡಿ. ಒಂದು ಬಾರ್‌ನ 16 ಪೀಸ್‌ಗೆ ಕಟಿಂಗ್ ದಿನವೇ ಕೆಂಪು ಟ್ಯಾಗ್ ಕಟ್ಟಿ, ಪ್ರತಿ ಸ್ಟೇಷನ್‌ನಲ್ಲಿ ತಾರೀಖು ಬರೆಯಿಸಿ. ಮ್ಯಾಪ್ ಪ್ರಕಾರ ಕಟಿಂಗ್‌ನಿಂದ ಗೇಟ್‌ಗೆ 36.5 ದಿನ ಆಗಬೇಕು. ಟ್ಯಾಗ್ 55 ದಿನ ತೋರಿಸಿದರೆ ಎಣಿಕೆ ತಪ್ಪಿರಬಹುದು, ಆದರೆ ಹೆಚ್ಚಾಗಿ ಸಿಗುವ ಕಾರಣ ಬೇರೆ: ಹೊಸ ಕ್ರೇಟ್ ಹಳೇ ಕ್ರೇಟ್ ಮೇಲೆ ಕೂರುತ್ತದೆ, ಆಪರೇಟರ್ ಕೈಗೆ ಸಿಕ್ಕ ಮೇಲಿನದ್ದನ್ನೇ ಎತ್ತುತ್ತಾರೆ, ಕೆಳಗಿನದ್ದು ತುಕ್ಕು ಹಿಡಿಯುತ್ತಾ ಕೂರುತ್ತದೆ. ಆಗ ಕ್ರೇಟ್ ಒಂದರ ಮೇಲೊಂದು ಪೇರಿಸೋದನ್ನು ನಿಲ್ಲಿಸಿ, ಒಂದು ಕಡೆ ತಳ್ಳಿ ಇನ್ನೊಂದು ಕಡೆ ತೆಗೆಯುವ ರೋಲರ್ ಹಳಿ ಹಾಕಿಸಿ. ಸೆಟಪ್, ಟೆಂಪೊ ಬದಲಾಗಿ ಮೂರು ನಾಲ್ಕು ವಾರ ಕಳೆದ ಮೇಲೆ ಅದೇ ತಾರೀಖುಗಳಲ್ಲಿ, ಅದೇ ಜಾಗಗಳಲ್ಲಿ ಮತ್ತೆ ಎಣಿಸಿ. ಆ ಸಲ ವಿಎಂಸಿ ಮುಂದಿನ ತ್ರಿಕೋನವನ್ನು ಮೊದಲು ನೋಡಿ. ಟರ್ನಿಂಗ್ ಹಗುರಾದರೆ ಗುಡ್ಡೆ ಸಾಮಾನ್ಯವಾಗಿ ಸರಿಯೋದು ಅಲ್ಲಿಗೇ.